ಇಪ್ಪತ್ತು ಲಕ್ಷದ ವಿಮೆ, ಎಂಟು ಲಕ್ಷದ ನಷ್ಟ, ಕೈಗೆ ಬಂದದ್ದು ಐದು

ಸಂಪಾದಕರಿಗೆ,

ಮಾನ್ಯರೇ,

ಅಂಗಡಿಗೆ ಬೆಂಕಿ ಬಿದ್ದ ಸುದ್ದಿಯ ಕೊನೆಗೆ 'ಅಂಗಡಿಗೆ ವಿಮೆ ಇತ್ತು' ಎಂದು ಓದಿದಾಗ ಎಲ್ಲರಿಗೂ ಸಮಾಧಾನವಾಗುತ್ತದೆ. ಡೊಂಬಿವಲಿ ಪೂರ್ವದಲ್ಲಿ ನಮ್ಮವರ ಹತ್ತಾರು ಅಂಗಡಿಗಳ ಲೆಕ್ಕ ಬರೆಯುವ ನನಗೆ ಮಾತ್ರ ಆ ಸಾಲು ಓದಿದಾಗಲೆಲ್ಲ ಆತಂಕ. ಎಷ್ಟಕ್ಕೆ ವಿಮೆ ಇತ್ತು, ಬೆಂಕಿ ಬಿದ್ದ ದಿನ ಒಳಗೆ ಎಷ್ಟರ ಮಾಲಿತ್ತು ಎಂಬ ಎರಡು ಅಂಕಿ ಗೊತ್ತಾಗದೆ ಆ ವಿಮೆಯಿಂದ ಏನು ಬರುತ್ತದೆ ಎಂದು ಹೇಳಲಾಗದು. ಪಾಲಿಸಿ ಪೂರ್ತಿ ಇಂಗ್ಲಿಷಿನಲ್ಲಿರುವುದರಿಂದ ಹೆಚ್ಚಿನವರು ಅದನ್ನು ಓದದೆ ಫೈಲಿಗೆ ಹಾಕಿಬಿಡುತ್ತಾರೆ.

ಕಳೆದ ವರ್ಷ ಮೇ 27ರ ರಾತ್ರಿ ಕುಂದಾಪುರ ಕಡೆಯವರೊಬ್ಬರ ಅಂಗಡಿಗೆ ಬೆಂಕಿ ಬಿತ್ತು. ನೋಟ್‌ಬುಕ್, ಸ್ಕೂಲ್ ಬ್ಯಾಗ್, ಕಂಪಾಸ್ ಪೆಟ್ಟಿಗೆ ಮಾರುವ ಅಂಗಡಿ. ಗಲ್ಲಾದ ಹಿಂದಿನ ಇನ್ವರ್ಟರ್‌ನಲ್ಲಿ ಶಾರ್ಟ್ ಆಗಿ ಶುರುವಾದ ಬೆಂಕಿ ಬ್ಯಾಗುಗಳ ಗೋಡೆಯನ್ನು ಸುಟ್ಟಿತು. ಅಗ್ನಿಶಾಮಕ ದಳದವರು ಹೊಡೆದ ನೀರಿಗೆ ನೋಟ್‌ಬುಕ್ಕಿನ ಬಂಡಲುಗಳು ನೆನೆದು ಇಡ್ಲಿ ಹಿಟ್ಟಿನ ಹಾಗೆ ಉಬ್ಬಿದ್ದವು. ಆ ನೀರಿನಿಂದಾದ ಹಾನಿಯೂ ಬೆಂಕಿಯ ಹಾನಿಯೆಂದೇ ಲೆಕ್ಕ. ಅದಕ್ಕೆ ಯಾರೂ ತಕರಾರು ಮಾಡಲಿಲ್ಲ.

'ಇಪ್ಪತ್ತು ಲಕ್ಷದ ಪಾಲಿಸಿ ಉಂಟಲ್ಲ ರಾಯ್ರೇ, ಹೋದದ್ದು ಹತ್ತು ಲಕ್ಷ. ಪೂರ್ತಿ ಬರ್ತದೆ' ಎಂದರು ಅಂಗಡಿಯವರು. ನಾನು ಪಾಲಿಸಿ ತೆರೆದು ನೋಡಿದೆ. ಸಮ್ ಇನ್ಶೂರ್ಡ್ ಎಂಬಲ್ಲಿ ಮಾಲಿಗೆ ಇಪ್ಪತ್ತು ಲಕ್ಷ ಎಂದಿತ್ತು. ಆ ಅಂಕಿ ಬಂದದ್ದು ಎಲ್ಲಿಂದ? ಬ್ಯಾಂಕಿನ ಕ್ಯಾಶ್ ಕ್ರೆಡಿಟ್ ಸಾಲದ ಮಿತಿ ಇಪ್ಪತ್ತು ಲಕ್ಷ. ಸಾಲ ಕೊಟ್ಟಾಗ ಬ್ಯಾಂಕಿನವರೇ ಅಷ್ಟಕ್ಕೆ ಪಾಲಿಸಿ ಮಾಡಿಸಿದ್ದರು, ಆಮೇಲೆ ಪ್ರತಿ ವರ್ಷ ಅದೇ ಅಂಕಿಗೆ ನವೀಕರಣ. ಅಂಗಡಿಯ ಮಾಲಿಗೂ ಆ ಅಂಕಿಗೂ ಸಂಬಂಧವೇ ಇರಲಿಲ್ಲ.

ನಷ್ಟ ಅಳೆಯಲು ಬಂದ ಸರ್ವೇಯರ್ ಮೊದಲು ಮಾಡಿದ್ದು ನಷ್ಟದ ಪಟ್ಟಿಯ ಪರಿಶೀಲನೆ. ಅಂಗಡಿಯವರು ಬ್ಯಾಗಿನ ಚೀಟಿಯ ಮೇಲಿನ ಮಾರಾಟದ ಬೆಲೆ ಹಿಡಿದು ಹತ್ತು ಲಕ್ಷ ಬರೆದಿದ್ದರು. ವಿಮೆ ಕೊಡುವುದು ಮಾಲು ಬಿದ್ದ ದರಕ್ಕೆ, ಬರಬೇಕಿದ್ದ ಲಾಭಕ್ಕಲ್ಲ. ಅವರಿಗೆ ನೂರು ರೂಪಾಯಿ ಮಾರಾಟದಲ್ಲಿ ಇಪ್ಪತ್ತು ರೂಪಾಯಿ ಲಾಭ. ಹಾಗಾಗಿ 750 ರೂಪಾಯಿಯ ಬ್ಯಾಗಿಗೆ 600, ಒಟ್ಟು ಹತ್ತು ಲಕ್ಷಕ್ಕೆ ಎಂಟು ಲಕ್ಷ. ಇದು ನ್ಯಾಯವೇ.

ಆಮೇಲೆ ಸರ್ವೇಯರ್ ಲೆಕ್ಕದ ಪುಸ್ತಕ ಕೇಳಿದರು. ಸುಟ್ಟ ಮಾಲು ಸಾಲದೆ ಉಳಿದ ಮಾಲನ್ನೂ ಯಾಕೆ ಎಣಿಸುತ್ತಾರೆ ಎಂದು ಅಂಗಡಿಯವರಿಗೆ ಅರ್ಥವಾಗಲಿಲ್ಲ. ಇಡೀ ವಿಷಯ ಇರುವುದೇ ಅಲ್ಲಿ. ಏಪ್ರಿಲ್ 1ರಂದು ಇದ್ದ ಮಾಲು 18 ಲಕ್ಷ. ಜೂನ್ ಮಧ್ಯದಲ್ಲಿ ಶಾಲೆ ತೆರೆಯುತ್ತದೆಂದು ಅಲ್ಲಿಂದೀಚೆಗೆ ಖರೀದಿಸಿದ್ದು 25 ಲಕ್ಷ. ಮಾರಿದ್ದು 10 ಲಕ್ಷ, ಅದರ ಅಸಲು 8. ಹದಿನೆಂಟಕ್ಕೆ ಇಪ್ಪತ್ತೈದು ಕೂಡಿಸಿ ಎಂಟು ಕಳೆದರೆ 35 ಲಕ್ಷ. ಅದರಲ್ಲಿ 3 ಲಕ್ಷದ ನೋಟ್‌ಬುಕ್ ಎರಡು ಗಲ್ಲಿ ಆಚೆಯ ಬಾಡಿಗೆ ಖೋಲಿಯಲ್ಲಿತ್ತು. ಸಾಗಿಸಿದ ಚಲನ್‌ಗಳನ್ನು ತೋರಿಸಿ, ಖೋಲಿಯ ಬೀಗ ತೆಗೆದು ಎಣಿಸಿ ಕೊಟ್ಟ ಮೇಲೆ ಸರ್ವೇಯರ್ ಅದನ್ನು ಕಳೆದರು. ಹಾಗಾಗಿ ಆ ರಾತ್ರಿ ಅಂಗಡಿಯೊಳಗಿದ್ದ ಮಾಲು 32 ಲಕ್ಷ.

ಇನ್ನು ಅವರೇಜ್ ಎಂಬ ಶರತ್ತು. ವರದಿಯಲ್ಲಿ ಇದನ್ನೇ ಅಂಡರ್ ಇನ್ಶೂರೆನ್ಸ್ ಎಂದೂ ಬರೆಯುತ್ತಾರೆ. ಶಾಲೆಯಲ್ಲಿ ಕಲಿತ ಸರಾಸರಿಗೂ ಇದಕ್ಕೂ ಸಂಬಂಧವಿಲ್ಲ. ಇದರ ಅರ್ಥ ಇಷ್ಟು: ಬೆಂಕಿ ಬಿದ್ದ ಹೊತ್ತಿಗೆ ಮಾಲು ವಿಮೆಯ ಮೊತ್ತಕ್ಕಿಂತ ಹೆಚ್ಚಿನದಾಗಿದ್ದರೆ, ಆ ಹೆಚ್ಚಿನ ಭಾಗಕ್ಕೆ ಅಂಗಡಿಯವರೇ ತಮಗೆ ತಾವು ವಿಮೆ ಮಾಡಿಕೊಂಡಂತೆ. ಆದ್ದರಿಂದ ಆಗುವ ಪ್ರತಿ ನಷ್ಟದಲ್ಲೂ ಅವರದೊಂದು ಪಾಲು ಇರುತ್ತದೆ. 32 ಲಕ್ಷದ ಮಾಲಿಗೆ 20 ಲಕ್ಷದ ವಿಮೆ ಎಂದರೆ ಕಂಪನಿಯದು 32ರಲ್ಲಿ 20 ಪಾಲು, ಅಂಗಡಿಯವರದು 12 ಪಾಲು. ಎಂಟು ಲಕ್ಷದ ನಷ್ಟವನ್ನು ಹೀಗೆ ಹಂಚಿದರೆ ಕಂಪನಿಗೆ 5 ಲಕ್ಷ, ಅಂಗಡಿಯವರ ತಲೆಗೆ 3 ಲಕ್ಷ. ನಷ್ಟ ವಿಮೆಯ ಮೊತ್ತದ ಅರ್ಧವನ್ನೂ ಮುಟ್ಟಿಲ್ಲವಲ್ಲ ಎಂಬ ವಾದ ಇಲ್ಲಿ ನಡೆಯುವುದಿಲ್ಲ. ಪ್ರೀಮಿಯಂ ಕಟ್ಟಿದ್ದು ಇಪ್ಪತ್ತು ಲಕ್ಷಕ್ಕೆ, ಅಪಾಯದಲ್ಲಿದ್ದದ್ದು ಮೂವತ್ತೆರಡು ಲಕ್ಷ ಎಂಬುದು ಅದರ ಹಿಂದಿನ ತರ್ಕ. ಆ ಐದು ಲಕ್ಷದಲ್ಲೂ ಎಕ್ಸೆಸ್ ಎಂದು ಸಣ್ಣ ಮೊತ್ತ ಮುರಿದುಕೊಂಡು, ಉಳಿದದ್ದನ್ನು ನೇರ ಬ್ಯಾಂಕಿನ ಸಾಲದ ಖಾತೆಗೆ ಹಾಕಿದರು. ಪಾಲಿಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಹಾಗೆಯೇ.

ಇಲ್ಲಿ ಒಂದು ರಿಯಾಯಿತಿಯಿದೆ, ತಿಳಿದವರು ಕಡಿಮೆ. ಒಂದೇ ಜಾಗದ ಒಟ್ಟು ಆಸ್ತಿ ಐದು ಕೋಟಿಯೊಳಗಿರುವ ಸಣ್ಣ ಅಂಗಡಿಗಳಿಗೆ 2021ರ ಏಪ್ರಿಲ್ 1ರಿಂದ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಎಂಬ ಪಾಲಿಸಿ ಬಂದಿದೆ. ಅದರಲ್ಲಿ ಮಾಲಿನ ಬೆಲೆಗೆ ಹೋಲಿಸಿದರೆ ವಿಮೆಯ ಕೊರತೆ ಶೇ 15ರ ಒಳಗಿದ್ದರೆ ಅವರೇಜ್ ಹಚ್ಚುವುದಿಲ್ಲ. ಇವರದೂ ಅದೇ ಪಾಲಿಸಿ. ಆದರೆ 32ರಲ್ಲಿ 12 ಕಡಿಮೆ ಎಂದರೆ ಶೇ 37ಕ್ಕೂ ಮೇಲಾಯಿತು, ರಿಯಾಯಿತಿ ಸಿಗಲಿಲ್ಲ. ವಿಮೆ 28 ಲಕ್ಷಕ್ಕೆ ಇದ್ದಿದ್ದರೂ ಎಕ್ಸೆಸ್ ಬಿಟ್ಟರೆ ಎಂಟು ಲಕ್ಷ ಪೂರ್ತಿ ಬರುತ್ತಿತ್ತು. ಅದು ನನ್ನನ್ನು ಇಂದಿಗೂ ಕೊರೆಯುತ್ತದೆ, ಯಾಕೆಂದರೆ ಪುಸ್ತಕ ಬರೆಯುತ್ತಿದ್ದವನು ನಾನು. ಮೇ ತಿಂಗಳ ಖರೀದಿ ನನ್ನ ಕಣ್ಣೆದುರೇ ಇತ್ತು.

ಎಕ್ಸ್‌ಕ್ಲೂಶನ್ ಎಂಬ ತಲೆಬರಹದ ಕೆಳಗೆ ಕಂಪನಿ ಏನೇನು ಕೊಡುವುದಿಲ್ಲ ಎಂಬ ಪಟ್ಟಿಯಿರುತ್ತದೆ. ನಮಗೆ ತಾಗಿದ್ದು ಎರಡು. ಶಾರ್ಟ್ ಆದ ಇನ್ವರ್ಟರ್‌ಗೆ ಹಣ ಸಿಗಲಿಲ್ಲ. ವಿದ್ಯುತ್ ಉಪಕರಣ ತನ್ನೊಳಗಿನ ಶಾರ್ಟ್‌ನಿಂದಲೇ ಕೆಟ್ಟರೆ ಆ ಉಪಕರಣವೊಂದಕ್ಕೆ ರಕ್ಷಣೆಯಿಲ್ಲ, ಅದರಿಂದ ಹರಡಿದ ಬೆಂಕಿಗೆ ಇದೆ. 'ಶಾರ್ಟ್ ಸರ್ಕ್ಯೂಟ್‌ಗೆ ವಿಮೆ ಇಲ್ಲವಂತೆ' ಎಂದು ಯಾರೋ ಹೇಳಿದ್ದಕ್ಕೆ ಹೆದರಿ ಕ್ಲೇಮನ್ನೇ ಬಿಟ್ಟುಬಿಡಬೇಡಿ, ಈ ವ್ಯತ್ಯಾಸ ನೆನಪಿರಲಿ. ಎರಡನೆಯದು, ಶಾಲೆ ಶುರುವಾಗುವ ಹೊತ್ತಿಗೇ ಮೂರು ವಾರ ಬಾಗಿಲು ಮುಚ್ಚಿದ್ದರಿಂದ ತಪ್ಪಿದ ವ್ಯಾಪಾರ. ಅದಕ್ಕೆ ಬೆಂಕಿ ವಿಮೆಯಲ್ಲಿ ಪರಿಹಾರವಿಲ್ಲ, ಬೇರೆಯೇ ಪಾಲಿಸಿ ಬೇಕು.

ತಾಗದೆ ಹೋದದ್ದು ಆ ಖೋಲಿ. ಪಾಲಿಸಿಯಲ್ಲಿ ಅಂಗಡಿಯ ವಿಳಾಸ ಮಾತ್ರ ಇತ್ತು. ಬೆಂಕಿ ಖೋಲಿಯಲ್ಲಿ ಬಿದ್ದಿದ್ದರೆ ಮೂರು ಲಕ್ಷಕ್ಕೆ ಮೂರು ಕಾಸೂ ಬರುತ್ತಿರಲಿಲ್ಲ. ಮುಂಬಯಿ ಕಡೆಯ ಇಕ್ಕಟ್ಟಿನಲ್ಲಿ ಎಲ್ಲರಿಗೂ ಇಂಥದೊಂದು ಖೋಲಿ, ಮಾಳಿಗೆ, ಸಂಬಂಧಿಕರ ಗಾಳೆ ಇದ್ದೇ ಇರುತ್ತದೆ. ಅದರ ವಿಳಾಸ ಪಾಲಿಸಿಯಲ್ಲಿದೆಯೇ ಎಂದು ಇವತ್ತೇ ನೋಡಿ.

ಈಗ ನಾನು ಪ್ರತಿ ಅಂಗಡಿಯ ಹಿಂದಿನ ವರ್ಷದ ಪುಸ್ತಕ ತೆಗೆದು, ಯಾವ ತಿಂಗಳ ಕೊನೆಗೆ ಮಾಲು ಅತಿ ಹೆಚ್ಚಿತ್ತು ಎಂದು ಮೇಲಿನ ಲೆಕ್ಕದಂತೆಯೇ ತೆಗೆಯುತ್ತೇನೆ. ಬ್ಯಾಗಿನ ಅಂಗಡಿಗೆ ಮೇ ಕೊನೆ, ಬಟ್ಟೆ ಅಂಗಡಿಗೆ ದೀಪಾವಳಿಯ ಹಿಂದಿನ ವಾರ. ಆ ಅಂಕಿಗೇ ವಿಮೆ ಮಾಡಿಸಬೇಕು. ವರ್ಷವಿಡೀ ಅಷ್ಟರ ಪ್ರೀಮಿಯಂ ಭಾರ ಎನಿಸಿದರೆ, ಸೀಸನ್ ಮಾಲು ಇಳಿಯುವ ಮೊದಲೇ ಕಂಪನಿಗೆ ಬರೆದು ಮೊತ್ತ ಏರಿಸಬೇಕು. ಇದಕ್ಕೆ ಎಂಡಾರ್ಸ್‌ಮೆಂಟ್ ಎನ್ನುತ್ತಾರೆ. ಏಜೆಂಟರ ಬಾಯಿಮಾತು ಸಾಲದು, ತಿದ್ದುಪಡಿಯ ಕಾಗದ ಕೈಗೆ ಬರಬೇಕು.

ಕುಂದಾಪುರದ ಅಣ್ಣ ಈ ವರ್ಷ ಏಪ್ರಿಲ್‌ನಲ್ಲೇ ಮೊತ್ತವನ್ನು 35 ಲಕ್ಷಕ್ಕೆ ಏರಿಸಿದ್ದಾರೆ. ಖೋಲಿಯ ವಿಳಾಸವೂ ಎರಡನೇ ಸಾಲಿನಲ್ಲಿ ಸೇರಿದೆ.

— ಲೆಕ್ಕ ಬರೆಯುವ ಒಬ್ಬ ಓದುಗ
ಡೊಂಬಿವಲಿ ಪೂರ್ವ