ಪ್ರಯಾಣಿಕರು ತಲುಪಿದ್ದಾರೆ ಅಂತ ದೂರು ಮುಚ್ಚಬೇಡಿ, ನಾನಿನ್ನೂ ಮೈಸೂರಲ್ಲೇ ಇದ್ದೇನೆ

ಗ್ರಾಹಕ ದೂರು ವಿಭಾಗದವರಿಗೆ,

ವಿಷಯ: 19 ದಿನದ ಹಿಂದಿನ ಮೈಸೂರು–ನ್ಯೂಜೆರ್ಸಿ ಟೆಲಿಟ್ರಾನ್ಸ್‌ಪೋರ್ಟರ್ ಪ್ರಯಾಣ, ಇಲ್ಲೇ ಉಳಿದ ನಾನು

ನಮಸ್ಕಾರ. ಇದು ನನ್ನ ಮೂರನೇ ಪತ್ರ. ಮೊದಲೆರಡಕ್ಕೂ ನಿಮ್ಮಿಂದ ಬಂದದ್ದು ಒಂದೇ ಸಾಲು: "ಪ್ರಯಾಣಿಕರು ಸುರಕ್ಷಿತವಾಗಿ ತಲುಪಿದ್ದಾರೆ, ದೂರು ಮುಕ್ತಾಯಗೊಂಡಿದೆ." ಸಂತೋಷ. ಹಾಗಾದರೆ ಈ ಪತ್ರ ಬರೆಯುತ್ತಿರುವವಳು ಯಾರು, ಅದನ್ನೂ ಒಂಚೂರು ಹೇಳಿಬಿಡಿ.

ನಡೆದದ್ದು ಇಷ್ಟು. ಮಗಳ ಬಾಣಂತನಕ್ಕೆ ಹೊರಟಿದ್ದೆ. ಮಂಡಿ ನೋವಿನಲ್ಲಿ ಇಪ್ಪತ್ತು ಗಂಟೆಗೂ ಜಾಸ್ತಿ ವಿಮಾನದಲ್ಲಿ ಕೂರಲಾರೆ ಅಂತ ನಿಮ್ಮ ಟಿಕೆಟ್ ತಗೊಂಡೆ. ಬೆಳಿಗ್ಗೆ 10.40ಕ್ಕೆ ಡಬ್ಬಿಯೊಳಗೆ ಮಲಗಿದೆ. ಸ್ಕ್ಯಾನರ್ ಮೈಯ ಒಂದೊಂದು ಕಣವನ್ನೂ ಓದಿಕೊಳ್ಳುತ್ತದೆ, ಆ ಲೆಕ್ಕ ಅಲ್ಲಿಗೆ ಹೋಗುತ್ತದೆ, ಅಲ್ಲಿನ ಸಾಮಗ್ರಿಯಿಂದಲೇ ನನ್ನನ್ನು ಕಟ್ಟುತ್ತಾರೆ, "ತಲುಪಿದರು" ಅಂತ ಸಂದೇಶ ಬಂದಮೇಲೆ ಇಲ್ಲಿನ ದೇಹವನ್ನು "ತೆರವು" ಮಾಡುತ್ತಾರೆ. ಹಾಗಂತ ಫಾರಂನಲ್ಲಿ ಇತ್ತು, ಸಹಿ ಹಾಕಿದ್ದೂ ನಿಜ. ಕೊನೆಯ ಹಂತ ನಡೆಯಲಿಲ್ಲ. ಕಣ್ಣು ಬಿಟ್ಟರೆ ಅದೇ ಡಬ್ಬಿ, ಅದೇ ಫ್ಯಾನಿನ ಸದ್ದು. ನಿಮ್ಮ ಹುಡುಗ ಬಾಗಿಲು ತೆಗೆದವನು ನನ್ನ ಮುಖ ನೋಡಿ ಬೆವತುಹೋದ. ಪಾಪ, ಅವನೇ ಆಟೋ ಹಿಡಿದು ಮನೆಗೆ ಕಳಿಸಿದ.

ಸಂಜೆ ಮಗಳಿಗೆ ಫೋನ್ ಮಾಡಿದರೆ "ಅಮ್ಮ ಮಲಗಿದ್ದಾಳೆ, ನೀವ್ಯಾರು?" ಅಂದಳು.

ನಾನು ಹೈಸ್ಕೂಲಿನಲ್ಲಿ 31 ವರ್ಷ ಗಣಿತ ಹೇಳಿಕೊಟ್ಟವಳು. ನಿಮ್ಮ ಉತ್ತರದಲ್ಲಿ ಹೀಗಿತ್ತು: ವ್ಯಕ್ತಿ ಅಂದರೆ ಅವರ ನೆನಪು, ಸ್ವಭಾವ, ಉದ್ದೇಶಗಳ ಸರಣಿ, ಅದಷ್ಟೂ ನ್ಯೂಜೆರ್ಸಿ ಮುಟ್ಟಿದೆ, ಆದ್ದರಿಂದ ಅಲ್ಲಿರುವವರೇ ನೀವು. ಸರಿ, ಒಪ್ಪಿದೆ ಅಂತ ಇಟ್ಟುಕೊಳ್ಳಿ. ಡಬ್ಬಿಗೆ ಹತ್ತಿದವಳು ಮತ್ತು ಅಲ್ಲಿರುವವಳು ಒಬ್ಬಳೇ. ಆದರೆ ಅದೇ ಸರಣಿ ನನ್ನಲ್ಲೂ ತುಂಡಾಗಿಲ್ಲವಲ್ಲ. ಮಲಗಿದೆ, ಎದ್ದೆ, ಅಷ್ಟೇ. ಹಾಗಾಗಿ ಹತ್ತಿದವಳು ಮತ್ತು ನಾನೂ ಒಬ್ಬಳೇ. ಒಂದಕ್ಕೆ ಸಮವಾದವು ಒಂದಕ್ಕೊಂದು ಸಮ, ಇದು ಎಂಟನೇ ಕ್ಲಾಸಿನ ಮಗುವಿಗೂ ಗೊತ್ತು. ಅಂದಮೇಲೆ ನಾನೂ ಅವಳೂ ಒಬ್ಬಳೇ ಆಗಬೇಕು. ಅವಳು ಅಲ್ಲಿ ಕೂಸಿಗೆ ಎಣ್ಣೆ ಹಚ್ಚುತ್ತಿರುವಾಗ ನಾನು ಇಲ್ಲಿ ಗ್ಯಾಸ್ ಸಿಲಿಂಡರಿನವನಿಗೆ ಕಾಯುತ್ತಿದ್ದೇನೆ. ಲೆಕ್ಕ ಎಲ್ಲೋ ತಪ್ಪಿದೆ. ತಪ್ಪಿರುವುದು ಎರಡನೇ ಸಮೀಕರಣ ಅಂತ ನೀವು ಹೇಳುತ್ತೀರಿ, ಯಾಕೆಂದರೆ ಅದನ್ನು ಅಳಿಸಿದರೆ ನಿಮ್ಮ ಖರ್ಚು ಕಡಿಮೆ.

ಇನ್ನೊಂದು ಯೋಚನೆ ರಾತ್ರಿ ನಿದ್ದೆ ಕೆಡಿಸುತ್ತದೆ. ಆ ದಿನ ಯಂತ್ರ ಸರಿಯಾಗಿ ಕೆಲಸ ಮಾಡಿ ನಾನು ತೆರವಾಗಿದ್ದರೆ, ಅವಳೇ ನಾನು ಅನ್ನುವುದರಲ್ಲಿ ಯಾರಿಗೂ ಅನುಮಾನ ಬರುತ್ತಿರಲಿಲ್ಲ. ನಾನು ಉಳಿದಿದ್ದಕ್ಕೆ ಅನುಮಾನ ಬಂತು. ಅವಳ ಮೈಯಲ್ಲಿ, ಮನಸ್ಸಿನಲ್ಲಿ ಒಂದು ಎಳೆಯೂ ಬದಲಾಗಿಲ್ಲ. ಅವಳು ಯಾರು ಅನ್ನುವುದು ಮೈಸೂರಿನ ಒಂದು ಕೋಣೆಯಲ್ಲಿ ಸ್ವಿಚ್ ಬಿತ್ತೋ ಇಲ್ಲವೋ ಅನ್ನುವುದರ ಮೇಲೆ ನಿಂತಿದೆ ಅಂದರೆ ಹೇಗೆ? ಇದಕ್ಕೆ ಉತ್ತರ ನನಗೂ ಸಿಕ್ಕಿಲ್ಲ. ನಿಮಗೆ ಸಿಕ್ಕಿದ್ದರೆ ತಿಳಿಸಿ.

ಜಾಹೀರಾತಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. "ಕ್ವಾಂಟಮ್ ಪ್ರಯಾಣ" ಅಂತ ದೊಡ್ಡದಾಗಿ ಹಾಕಿಕೊಂಡಿದ್ದೀರಿ. ಒಂದು ಕಣದ ಗೊತ್ತಿಲ್ಲದ ಕ್ವಾಂಟಮ್ ಸ್ಥಿತಿಯನ್ನು ಪಕ್ಕಾ ನಕಲು ಮಾಡಲು ಬರುವುದಿಲ್ಲ ಅಂತ 1982ರಲ್ಲೇ ಸಾಬೀತಾಗಿದೆ. 1997ರಲ್ಲಿ ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ಒಂದು ಬೆಳಕಿನ ಕಣದ ಸ್ಥಿತಿಯನ್ನು ದಾಟಿಸಿ ತೋರಿಸಿದಾಗಲೂ, ಈ ಕಡೆಯ ಕಣದಲ್ಲಿ ಆ ಸ್ಥಿತಿ ಉಳಿಯಲಿಲ್ಲ. ಉಳಿಯಲು ಸಾಧ್ಯವೇ ಇಲ್ಲ. ನಿಮ್ಮದು ನಿಜವಾಗಿ ಕ್ವಾಂಟಮ್ ಆಗಿದ್ದರೆ ನಾನು ಇಲ್ಲಿ ಹೀಗೇ ಉಳಿಯುತ್ತಿರಲಿಲ್ಲ. ಉಳಿದಿದ್ದೇನೆ ಅಂದರೆ ನೀವು ಮಾಡಿದ್ದು ಕಣಗಳ ಜೋಡಣೆಯ ಒಂದು ಜೆರಾಕ್ಸ್. ತೆರವು ಅನ್ನುವುದು ವಿಜ್ಞಾನದ ನಿಯಮವಲ್ಲ, ನಿಮ್ಮ ಕಂಪನಿ ಆಮೇಲೆ ಸೇರಿಸಿಕೊಂಡ ಪ್ರತ್ಯೇಕ ಕೆಲಸ.

ಹನ್ನೆರಡನೇ ದಿನ ಅವಳೇ ಫೋನ್ ಮಾಡಿದಳು. ಏನಂತ ಕರೆಯುವುದು ಅಂತ ಇಬ್ಬರಿಗೂ ತೋಚಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು "ಊಟ ಆಯ್ತಾ?" ಅಂತ ಇಬ್ಬರೂ ಒಟ್ಟಿಗೇ ಅಂದೆವು. ಆಮೇಲೆ ಅವಳು ಮೆಲ್ಲಗೆ, "ಹೊರಡುವಾಗ ಗ್ಯಾಸ್ ಆಫ್ ಮಾಡಿದ್ನಾ?" ಅಂತ ಕೇಳಿದಳು. ಅಲ್ಲಿ ಕಣ್ಣು ಬಿಟ್ಟಾಗಿನಿಂದ ಅದೇ ಚಿಂತೆಯಂತೆ. "ಹೂಂ, ಮಾಡಿದ್ದೆ" ಅಂದೆ. ಯಾರು ಮಾಡಿದ್ದು ಅಂತ ಇಬ್ಬರೂ ಕೇಳಲಿಲ್ಲ. 10.40ಕ್ಕೆ ಮುಂಚಿನದರಲ್ಲಿ ನಮ್ಮಿಬ್ಬರ ನಡುವೆ ತಕರಾರೇ ಇಲ್ಲ. ಈಳಿಗೆಮಣೆಯಲ್ಲಿ ಕೊಯ್ದುಕೊಂಡ ಬೆರಳಿನ ಗಾಯದ ಗುರುತು ಅವಳಿಗೂ ಇದೆ.

ಆಮೇಲಿನದು ಬೇರೆ. ಕೂಸು ನಿದ್ದೆಯಲ್ಲಿ ಹೇಗೆ ನಗುತ್ತದೆ ಅಂತ ಅವಳು ಹೇಳಿದಳು, ನಾನು ಕೇಳಿಸಿಕೊಂಡೆ, ಅಷ್ಟೇ. ನನ್ನ ಕಡೆಯದು ಒಂದಿತ್ತು. ಹನ್ನೊಂದು ವರ್ಷದಿಂದ ಮಾತು ಬಿಟ್ಟಿದ್ದ ತಮ್ಮನ ಮನೆಗೆ ಹೋಗಿದ್ದೆ. ತೆರವು ಮಾಡಿಸಿಕೊಳ್ಳಬೇಕಾದವಳಿಗೆ ಜಗಳ ಯಾಕೆ ಬೇಕು ಅನ್ನಿಸಿತ್ತು. ಅವನು ಅತ್ತ, ನಾನೂ ಅತ್ತೆ. ಇದನ್ನು ಹೇಳಿದರೆ ಅವಳ ದನಿ ಬಿಗಿಯಾಯಿತು. "ಹೋಗಿದ್ದು ನೀನು. ನಾನಂತೂ ಹೋಗಲ್ಲ" ಅಂದಳು. ಅವಳ ಕೋಪ ಎಷ್ಟು ಸರಿ ಅಂತ ನನಗೆ ಚೆನ್ನಾಗಿ ಗೊತ್ತು. 19 ದಿನದ ಹಿಂದೆ ಅದು ನನ್ನದೂ ಆಗಿತ್ತು.

ಈಗ ನಿಮ್ಮ ನೋಟೀಸು. 30 ದಿನದೊಳಗೆ ಕೇಂದ್ರಕ್ಕೆ ಬಂದು ತೆರವು ಮುಗಿಸಿಕೊಳ್ಳಿ, ನೋವಾಗುವುದಿಲ್ಲ, ನೀವು ಅಲ್ಲಿ ಮುಂದುವರಿಯುತ್ತೀರಿ ಅಂತ ಬರೆದು, ತತ್ವಶಾಸ್ತ್ರಜ್ಞ ಡೆರೆಕ್ ಪಾರ್ಫಿಟ್ ಹೆಸರನ್ನೂ ತಂದಿದ್ದೀರಿ. ನಾನೂ ಓದಿದೆ. ಆತ 1984ರಲ್ಲಿ ಬರೆದ ಕಥೆಯಲ್ಲಿ ಹೀಗೇ ಒಬ್ಬ ಭೂಮಿಯಲ್ಲಿ ಉಳಿದುಬಿಡುತ್ತಾನೆ, ನಕಲು ಮಂಗಳ ಗ್ರಹದಲ್ಲಿರುತ್ತದೆ. ಆದರೆ ಉಳಿದವನ ಹೃದಯ ಸ್ಕ್ಯಾನರಿನಿಂದ ಕೆಟ್ಟಿರುತ್ತದೆ, ಕೆಲವೇ ದಿನದಲ್ಲಿ ಸಾಯುತ್ತಾನೆ. ಅಂಥವನಿಗೂ, ನಿನ್ನ ನೆನಪು, ಪ್ರೀತಿ, ಅರ್ಧಕ್ಕೆ ನಿಂತ ಕೆಲಸವೆಲ್ಲ ಇನ್ನೊಬ್ಬರಲ್ಲಿ ಮುಂದುವರಿಯುತ್ತವಲ್ಲ, ಮುಖ್ಯವಾದದ್ದು ಅದು, "ಅದು ನಾನೇನಾ" ಅನ್ನುವ ಪ್ರಶ್ನೆ ಅಷ್ಟು ಮುಖ್ಯವಲ್ಲ ಅನ್ನುವುದು ಆತನ ವಾದ. ಸಾಯುವವನಿಗೆ ಅದು ಸಮಾಧಾನ. ನನ್ನ ಹೃದಯ ಚೆನ್ನಾಗಿದೆ, ಇಸಿಜಿ ಲಗತ್ತಿಸಿದ್ದೇನೆ. ಆತನ ಮಾತನ್ನೇ ಹಿಡಿದರೂ, ತಮ್ಮನ ಜೊತೆ ರಾಜಿಯಾದ ನಾನು ನ್ಯೂಜೆರ್ಸಿಯಲ್ಲಿ ಮುಂದುವರಿಯುತ್ತಿಲ್ಲ. ಅಲ್ಲಿರುವುದು ರಾಜಿಯಾಗದವಳು.

ಅಲ್ಲಿ ಸಹಿ ಸಿಕ್ಕಿದೆ ಅಂತಲೂ ಬರೆದಿದ್ದೀರಿ. "ಪ್ರಯಾಣಿಕರು ನಾನೇ" ಅಂತ ಅವಳು ಹಾಕಿದ ಸಹಿ ಅದು. ಆಗ ಅವಳಿಗೆ ನನ್ನ ವಿಷಯ ಗೊತ್ತೇ ಇರಲಿಲ್ಲ. ಈಗ ಗೊತ್ತಾಗಿದೆ, ವಾಪಸ್ ತಗೊಂಡಿದ್ದಾಳೆ, ಅವಳ ಪತ್ರವೂ ಇದರ ಜೊತೆಗಿದೆ. ಅಕ್ಷರ ಒಂದೇ ಥರ ಇದೆ ಅಂತ ಫೋರ್ಜರಿ ಅನ್ನಬೇಡಿ.

ನವೆಂಬರಿನಲ್ಲಿ ಪಿಂಚಣಿಗೆ ಜೀವನ ಪ್ರಮಾಣ ಪತ್ರ ಕೊಡಬೇಕು. ಒಂದೇ ಬೆರಳಚ್ಚು, ಬದುಕಿರುವವರು ಇಬ್ಬರು. ಆ ಕಷ್ಟವನ್ನು ನಾವು ನೋಡಿಕೊಳ್ಳುತ್ತೇವೆ. ನೀವು ಮಾಡಬೇಕಾದದ್ದು ಇಷ್ಟೇ: ತೆರವಿನ ನೋಟೀಸು ಲಿಖಿತವಾಗಿ ರದ್ದು ಮಾಡಿ, ಅವಳ ಹೆಸರಿನಲ್ಲಿರುವ ವಾಪಸ್ ಪ್ರಯಾಣವನ್ನು ರದ್ದು ಮಾಡಿ ಆ ದುಡ್ಡು ಕೊಡಿ. ಅವಳು ಮತ್ತೆ ನಿಮ್ಮ ಡಬ್ಬಿಯಲ್ಲಿ ಮಲಗುವುದಿಲ್ಲ. ಮಂಡಿ ನೋವಿದ್ದರೂ ವಿಮಾನದಲ್ಲೇ ಬರುತ್ತಾಳೆ. ಬೆಂಗಳೂರಿಗೆ ಹೋಗಿ ಕರೆದುಕೊಂಡು ಬರುವವಳು ನಾನು. ಮನೆಯ ಬೀಗದ ಕೈ ಒಂದೇ ಇತ್ತು, ನಿನ್ನೆ ಇನ್ನೊಂದು ಮಾಡಿಸಿದೆ.

ಇಂತಿ,
ಟಿಕೆಟ್‌ನಲ್ಲಿರುವ ಹೆಸರಿನವಳು (ಮೈಸೂರು)