“ಎಷ್ಟು ದಿನ ರಜೆ?”

ಅರಕಲಗೂಡು
ಮೇ 12

ಚಿರಂಜೀವಿ ಮಂಜುವಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಕಾಗದ ಮೂರು ದಿನದಿಂದ ಅಂಗಿ ಜೇಬಿನಲ್ಲೇ ಇದೆ. ಮಿಲಿಟರಿಗೆ ಸೇರಲು ಬೇಕಾದ ಓಟದ ಬಗ್ಗೆ, ಎತ್ತರದ ಬಗ್ಗೆ ಕೇಳಿದ್ದೀಯ. ಅದನ್ನೆಲ್ಲ ನೀನು ಬಂದಾಗ ಮಾತಾಡಬಹುದು. ಆದರೆ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, “ಅಗ್ನಿವೀರ್ ಆಗಿ ನಾಲ್ಕು ವರ್ಷಕ್ಕೆ ವಾಪಸ್ ಕಳಿಸಿಬಿಟ್ಟರೆ ಊರಲ್ಲಿ ಏನು ಹೇಳಲಿ ದೊಡ್ಡಪ್ಪ?” ಅಂತ. ಆ ಸಾಲು ನನಗೆ ನಿದ್ದೆ ಕೊಡಲಿಲ್ಲ.

ನಾನು ಮಿಲಿಟರಿಯಿಂದ ಪೆನ್ಷನ್ ಆಗಿ ಬಂದದ್ದು 2006ರ ಮಳೆಗಾಲದಲ್ಲಿ. ಆಗ ನನಗೆ 36. ಬಸ್ಸಿನಿಂದ ಟ್ರಂಕ್ ಇಳಿಸುತ್ತಿದ್ದಾಗಲೇ ಹೋಟೆಲಿನವರು ಕೇಳಿದರು, “ಎಷ್ಟು ದಿನ ರಜೆ?” ನಾನು “ಎರಡು ತಿಂಗಳು” ಅಂದೆ. ಯಾಕೆ ಹಾಗಂದೆನೋ ಗೊತ್ತಿಲ್ಲ. ಒಮ್ಮೆ ಹೇಳಿದ ಮೇಲೆ ಎಲ್ಲರಿಗೂ ಅದನ್ನೇ ಹೇಳಬೇಕಾಯಿತು. ಎರಡು ತಿಂಗಳು ಮುಗಿದ ಮೇಲೆ ಸಂತೆಗೆ ಹೋಗುವುದನ್ನೇ ಬಿಟ್ಟೆ. ನಿಮ್ಮಪ್ಪನಿಗೂ ಇದನ್ನು ಇವತ್ತಿನವರೆಗೆ ಹೇಳಿಲ್ಲ. 17 ವರ್ಷ ಸರ್ವಿಸ್ ಮಾಡಿ, ಪ್ರತಿ ತಿಂಗಳು ಪೆನ್ಷನ್ ಬರುತ್ತಿದ್ದ ನನಗೇ ಹಾಗೆ ಅನ್ನಿಸಿತ್ತು. ನಿನಗೆ 22ನೇ ವಯಸ್ಸಿಗೆ ಹಾಗಾದರೆ? ಅದಕ್ಕೇ ‘ಹೆದರಬೇಡ’ ಅಂತ ಸುಮ್ನೆ ಬರೆದು ಕಳಿಸಲು ನನ್ನಿಂದ ಆಗಲಿಲ್ಲ.

ನಿನ್ನ ಭಯ ಸುಳ್ಳಲ್ಲ. ನಾಲ್ಕು ವರ್ಷ ಆದ ಮೇಲೆ ಹೆಚ್ಚೆಂದರೆ ನೂರಕ್ಕೆ 25 ಜನರನ್ನು ಉಳಿಸಿಕೊಳ್ಳುತ್ತಾರೆ. ನಾಲ್ವರಲ್ಲಿ ಮೂವರು ಮನೆಗೆ. ಅವರಿಗೆ ಪೆನ್ಷನ್ ಇಲ್ಲ, ಗ್ರಾಚ್ಯುಯಿಟಿ ಇಲ್ಲ. ‘ಮಾಜಿ ಸೈನಿಕ’ ಎನ್ನುವ ಲೆಕ್ಕಕ್ಕೂ ಬರುವುದಿಲ್ಲ, ಹಾಗಾಗಿ ನನಗಿರುವ ಕ್ಯಾಂಟೀನ್ ಕಾರ್ಡು, ಇಸಿಎಚ್‌ಎಸ್ ಆಸ್ಪತ್ರೆ ಸೌಲಭ್ಯ ಅವರಿಗಿಲ್ಲ. ಕೈಗೆ ಬರುವುದು ಸೇವಾನಿಧಿ. ಸಂಬಳದಲ್ಲಿ ತಿಂಗಳಿಗೆ ನೂರಕ್ಕೆ 30 ಹಿಡಿಯುತ್ತಾರೆ, ಸರ್ಕಾರ ಅಷ್ಟೇ ಸೇರಿಸುತ್ತದೆ. ನಾಲ್ಕು ವರ್ಷಕ್ಕೆ ಸುಮಾರು 10.04 ಲಕ್ಷ, ಮೇಲೆ ಬಡ್ಡಿ. ಅದಕ್ಕೆ ತೆರಿಗೆ ಇಲ್ಲ.

ದುಡ್ಡಿನ ಮಾತು ಬಂದಾಗ ನನ್ನ ಬೋರ್‌ವೆಲ್ ನೆನಪಾಗುತ್ತದೆ. ನನಗೆ ಒಟ್ಟಿಗೆ ಬಂದ ಹಣದಲ್ಲಿ ಮೇಲಿನ ಹೊಲದಲ್ಲಿ ಎರಡು ಬೋರ್ ಕೊರೆಸಿದೆ. ಎರಡರಲ್ಲೂ ನೀರು ಬರಲಿಲ್ಲ. ಊರಿನವರು ನೋಡಲಿ, ಮಿಲಿಟರಿಯಿಂದ ಬಂದವನು ಏನೋ ಮಾಡಿದ ಅನ್ನಲಿ ಅಂತ ಅವಸರದಲ್ಲಿ ಮಾಡಿದ ಕೆಲಸ ಅದು. ಆ “ಎಷ್ಟು ದಿನ ರಜೆ” ಪ್ರಶ್ನೆಗೆ ಉತ್ತರ ಕೊಡಲು ಹೋಗಿ ಹಣ ಕಳೆದೆ. ಆಮೇಲೆ ಬೆಂಗಳೂರಿಗೆ ಹೋಗಿ ಒಂದು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಆರು ವರ್ಷ ರಾತ್ರಿ ಪಾಳಿ ಮಾಡಿದೆ. ಕೆಲಸ ಕೀಳು ಅಂತ ಹೇಳುತ್ತಿಲ್ಲ ಮಗಾ. ಬೇರೆ ಕೆಲಸಕ್ಕೆ ನನ್ನ ಹತ್ತಿರ ಕಾಗದ ಇರಲಿಲ್ಲ. 17 ವರ್ಷ ಡೋಜರ್ ಓಡಿಸಿದ್ದೆ, ಆದರೆ ಹೊರಗಡೆ ತೋರಿಸಲು ಸಿವಿಲ್ ಲೈಸೆನ್ಸ್ ಮಾಡಿಸಿಕೊಂಡಿರಲಿಲ್ಲ. ನಮ್ಮ ಯೂನಿಟ್‌ನಲ್ಲಿ ಒಬ್ಬ ಎಜುಕೇಷನ್ ಹವಾಲ್ದಾರ್ ಇದ್ದರು. “ಪಿಯುಸಿ ಕಟ್ಟು, ಫಾರ್ಮ್ ನಾನೇ ತುಂಬಿಕೊಡ್ತೀನಿ” ಅಂತ ಎಷ್ಟು ಸಲ ಕರೆದರೋ. ನಾನು ವಾಲಿಬಾಲ್ ಆಡಲು ಹೋಗುತ್ತಿದ್ದೆ. ಈಗಲೂ ಅವರ ಮುಖ ಕಣ್ಣಮುಂದೆ ಬರುತ್ತದೆ.

ಅದಕ್ಕೇ, ಹೇಳಬೇಕೋ ಬೇಡವೋ ಅಂತಲೇ ಹೇಳುತ್ತೇನೆ: ನೀನು ಅಗ್ನಿವೀರ್ ಆಗಿ ಹೋದರೆ ದೂರಶಿಕ್ಷಣದ ಇಗ್ನೋ ಡಿಗ್ರಿಗೆ ಹೆಸರು ಕೊಡು. ಅಗ್ನಿವೀರರಿಗೆ ಅಂತಲೇ ಒಂದು ಡಿಗ್ರಿ ಇದೆ. ಅರ್ಧ ಕ್ರೆಡಿಟ್ ಟ್ರೈನಿಂಗ್‌ನಿಂದಲೇ ಸಿಗುತ್ತದೆ, ಉಳಿದ ಅರ್ಧ ಓದಬೇಕು. ಯಾಕೆ ಇದನ್ನು ಒತ್ತಿ ಹೇಳುತ್ತೇನೆ ಅಂದರೆ, ಡಿಗ್ರಿ ಇದ್ದರೆ ಹೊರಗೆ ಬಂದಾಗಲೂ ಆಫೀಸರ್ ಆಗಲು ಸಿಡಿಎಸ್ ಪರೀಕ್ಷೆ ಬರೆಯಬಹುದು. ಆಫೀಸರ್ ಟ್ರೈನಿಂಗ್ ಕೊಡುವ ಡೆಹ್ರಾಡೂನಿನ ಐಎಂಎಗೆ 24ರ ಒಳಗೆ, ಚೆನ್ನೈನ ಒಟಿಎಗೆ 25ರ ಒಳಗೆ ಇರಬೇಕು. ನೀನು 18 ದಾಟಿ ಸೇರಿದರೆ 22 ದಾಟಿ ಬರುತ್ತೀಯ. ಡಿಗ್ರಿ ಕೈಯಲ್ಲಿದ್ದರೆ ಇನ್ನೂ ಸ್ವಲ್ಪ ಕಾಲ ಬಾಗಿಲು ತೆರೆದಿರುತ್ತದೆ. ಇಲ್ಲದಿದ್ದರೆ ಡಿಗ್ರಿ ಮುಗಿಸುವಷ್ಟರಲ್ಲಿ ಅದೂ ಮುಚ್ಚಿಹೋಗುತ್ತದೆ. ಅರೆಸೇನಾ ಪಡೆಗಳಲ್ಲೂ ಅಗ್ನಿವೀರರಿಗೆ ಮೀಸಲಾತಿ, ವಯಸ್ಸಿನ ರಿಯಾಯಿತಿ ಇದೆ. ಆದರೆ ಅಲ್ಲೂ ಪರೀಕ್ಷೆ ಬರೆದೇ ಸೇರಬೇಕು.

ಆಫೀಸರ್ ಆದರೆ ಈ ಭಯ ಇರುವುದಿಲ್ಲ ಅಂತಲೂ ತಿಳಿಯಬೇಡ. ಒಟಿಎಯಿಂದ ಹೋಗುವವರದ್ದು ಶಾರ್ಟ್ ಸರ್ವಿಸ್. 10 ವರ್ಷ, ಬೇಕಾದರೆ ಮತ್ತೆ 4. ಆಫೀಸರ್ ಪೆನ್ಷನ್‌ಗೆ 20 ವರ್ಷ ಬೇಕು. ಪರ್ಮನೆಂಟ್ ಕಮಿಷನ್ ಸಿಗದಿದ್ದರೆ ಹೆಂಡತಿ ಮಕ್ಕಳ ಜೊತೆ 35-38ಕ್ಕೆ ಪೆನ್ಷನ್ ಇಲ್ಲದೆ ಬರಬೇಕಾಗುತ್ತದೆ. ಆ ವಯಸ್ಸಿನಲ್ಲಿ ಆ ಪ್ರಶ್ನೆ ಇನ್ನೂ ಗಟ್ಟಿ ಕೇಳಿಸುತ್ತದೆ, ನನಗೆ ಕೇಳಿಸಿದ ಹಾಗೆ.

ಇನ್ನೊಂದು ವಿಷಯ ಮೊದಲೇ ಹೇಳಬೇಕಿತ್ತು. ಪಿಯುಸಿ ಮೇಲೆ ಆಫೀಸರ್ ಟ್ರೈನಿಂಗ್‌ಗೆ ಸೇರುವ ಎನ್‌ಡಿಎ ಪರೀಕ್ಷೆ ಬರೆಯಲು ಹತ್ತೊಂಬತ್ತೂವರೆ ತನಕ ಟೈಮ್ ಇದೆ, ಇನ್ನೂ ಎರಡು ಮೂರು ಸಲ ಬರೆಯಬಹುದು ಅಂತ ಬರೆದಿದ್ದೀಯ. ಅದು ಹಾಗಲ್ಲ. ವಯಸ್ಸು ನೋಡುವುದು ಪರೀಕ್ಷೆಯ ದಿನಕ್ಕಲ್ಲ, ಕೋರ್ಸ್ ಶುರುವಾಗುವ ತಿಂಗಳಿಗೆ. ಸೆಪ್ಟೆಂಬರ್ ಪರೀಕ್ಷೆಯ ಕೋರ್ಸ್ ಮುಂದಿನ ಜುಲೈಗೆ. ಮಾರ್ಚಿಗೆ ನಿನಗೆ 18 ತುಂಬಿತು. ಆ ಜುಲೈಗೆ 19 ವರ್ಷ ಚಿಲ್ಲರೆ ತಿಂಗಳು, ಸರಿಹೋಗುತ್ತದೆ. ಮುಂದಿನ ಏಪ್ರಿಲ್ ಪರೀಕ್ಷೆಯ ಕೋರ್ಸ್ ಅದರಾಚೆಯ ಜನವರಿಗೆ. ಆಗ ಹತ್ತೊಂಬತ್ತೂವರೆ ದಾಟಿರುತ್ತೀಯ. ಅಂದರೆ ನಿನಗೆ ಉಳಿದಿರುವುದು ಈ ಸೆಪ್ಟೆಂಬರ್ ಒಂದೇ. ಅರ್ಜಿ ಸಾಮಾನ್ಯವಾಗಿ ಮೇ, ಜೂನ್‌ನಲ್ಲಿ ಕರೆಯುತ್ತಾರೆ. ಕಾಮರ್ಸ್ ಓದಿದ್ದಕ್ಕೆ ಆರ್ಮಿ ಮಾತ್ರ ಸಿಗುತ್ತದೆ, ನೇವಿ, ಏರ್‌ಫೋರ್ಸ್‌ಗೆ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಬೇಕು. ಗಣಿತದ ಪೇಪರ್ ಹೇಗೂ ಬರೆಯಬೇಕು, ಅದು ಕಷ್ಟ ಆಗಬಹುದು. ಆದರೂ ಬರೆ. ಅಗ್ನಿವೀರ್ ಆಮೇಲೂ ಇರುತ್ತದೆ. ಅದರ ಮೇಲಿನ ಮಿತಿ 2022ರಲ್ಲಿ 21 ಇತ್ತು, ಮೊದಲ ವರ್ಷ ಮಾತ್ರ 23 ಮಾಡಿದ್ದರು. ಪ್ರತಿ ವರ್ಷದ ಪ್ರಕಟಣೆ ನೀನೇ ಓದು, ಬೇರೆಯವರ ಮಾತು ನಂಬಬೇಡ. ನನ್ನ ಮಾತನ್ನೂ ಅಷ್ಟೇ, ಒಮ್ಮೆ ನೋಡಿಕೊಂಡೇ ಮುಂದೆ ಹೋಗು.

ರಾತ್ರಿ ನಿನ್ನ ದೊಡ್ಡಮ್ಮನಿಗೆ ಕಾಗದ ಓದಿ ಹೇಳಿದೆ. ಆ ಎರಡು ತಿಂಗಳ ಸುಳ್ಳನ್ನೂ ಹೇಳಿದೆ. ಅವಳು, “ನನಗೆ ಆಗಲೇ ಗೊತ್ತಿತ್ತು. ಟ್ರಂಕಿನಲ್ಲಿ ಚಳಿಗಾಲದ ಬಟ್ಟೆಯೆಲ್ಲ ಇತ್ತಲ್ಲ” ಅಂದಳು. ಇಷ್ಟು ವರ್ಷ ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನಾಲ್ಕು ವರ್ಷಕ್ಕೆ ಬಂದರೆ ಮೊದಲು ನಮ್ಮ ಮನೆಗೆ ಬಾ. ಇಲ್ಲಿ ಯಾರೂ ನಿನ್ನನ್ನು ರಜೆ ಎಷ್ಟು ದಿನ ಅಂತ ಕೇಳುವುದಿಲ್ಲ.

ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಫೋಟೊ ತೆಗೆದು ಕಳಿಸು. ವಯಸ್ಸಿಗೆ ಅದರಲ್ಲಿರುವ ತಾರೀಖೇ ಲೆಕ್ಕ. ನಮ್ಮ ಕಾಲದಲ್ಲಿ ಮೇಷ್ಟ್ರು ಎಲ್ಲರಿಗೂ ಜೂನ್ ಒಂದು ಅಂತ ಬರೆದುಬಿಡುತ್ತಿದ್ದರು. ನಿನ್ನದರಲ್ಲಿ ಏನಿದೆ ಅಂತ ನೋಡಬೇಕು.

ನಿನ್ನ ದೊಡ್ಡಪ್ಪ