ಗಂಟಲು ನೋವಿದ್ದವರು ಕೊನೆಯ ಹಲ್ಲನ್ನೂ ನೋಡಿಕೊಳ್ಳಿ

ಪಿಜಿಯ ಎಲ್ಲರಿಗೂ ನಮಸ್ಕಾರ ರೀ.

ಮೇಲಿನ ಮಹಡಿಯ ನಮ್ಮ ತಮ್ಮ ಒಬ್ಬನಿಗೆ ಗಂಟಲು ನೋವು ಅಂತ ಮೆಡಿಕಲ್ ಶಾಪಿನ ಗುಳಿಗೆ ನುಂಗಿದ್ದೇ ನುಂಗಿದ್ದು. ನೋವು ಒಂದೇ ಕಡೆ ಇತ್ತು, ಬಾಯಲ್ಲಿ ಒಂದು ಬೆರಳಷ್ಟೇ ಹಿಡಿಯುತ್ತಿತ್ತು. ಸಾಮಾನ್ಯವಾಗಿ ಮೂರು ಬೆರಳು ಹಿಡಿಯಬೇಕು. ನೋಡಿದರೆ ಕೆಳಗಿನ ಬುದ್ಧಿ ಹಲ್ಲು ಅರ್ಧ ಮಾತ್ರ ಹುಟ್ಟಿದೆ. ಅದರ ಮೇಲಿನ ವಸಡಿನ ಅಡಿ ಅನ್ನ, ರೊಟ್ಟಿಯ ಚೂರು ಸೇರಿ ಕೀವಾಗಿದೆ. ಬಾವು ಅಗಿಯುವ ಸ್ನಾಯುವಿಗೂ ತಾಗಿದ್ದಕ್ಕೆ ಬಾಯಿ ಬಿಗಿದಿದೆ.

ಬರೀ ಆ್ಯಂಟಿಬಯೋಟಿಕ್ ತಗೊಂಡರೆ ಕಡಿಮೆಯಾದಂತೆ ಅನಿಸಿ ಮತ್ತೆ ಬರುತ್ತದೆ, ಒಳಗಿನ ಕೊಳೆ ಅಲ್ಲೇ ಇರುತ್ತದಲ್ವಾ? ಹಲ್ಲಿನ ಡಾಕ್ಟರೇ ವಸಡಿನ ಅಡಿ ತೊಳೆದು, ಎಕ್ಸ್-ರೇ ನೋಡಿ, ಹಲ್ಲು ಕೀಳಬೇಕೋ ಬೇಡವೋ ಹೇಳಬೇಕು.

ಅಲ್ಲಿಯವರೆಗೆ ಉಗುರುಬೆಚ್ಚಗಿನ ಉಪ್ಪು ನೀರಿನಿಂದ ಬಾಯಿ ಮುಕ್ಕಳಿಸಿ. ಕೆನ್ನೆಗೆ ಬಿಸಿ ಶಾಖ ಬೇಡ.

ಉಗುಳು ನುಂಗಲು ಆಗದಿದ್ದರೆ, ಉಸಿರು ಕಟ್ಟಿದರೆ, ದವಡೆಯ ಕೆಳಗೆ ಬಾವು ಬಂದರೆ ರಾತ್ರಿಯಾದರೂ ಕಾಯಬೇಡಿ. ನನಗೆ ಫೋನ್ ಮಾಡಿ, ಹುಬ್ಬಳ್ಳಿ ಕಿಮ್ಸ್‌ಗೆ ಹೋಗೋಣ.

ಶನಿವಾರ ಬೆಳಿಗ್ಗೆ ಸತ್ತೂರಿನ ಡೆಂಟಲ್ ಕಾಲೇಜಿಗೆ ಅವನನ್ನು ಕರೆದುಕೊಂಡು ಹೋಗುತ್ತಿದ್ದೇನೆ. ಇಂಥದ್ದೇ ತೊಂದರೆ ಇದ್ದವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಹೆಸರು ಹಾಕಿ. ಆಟೋ ಹೇಳಬೇಕು.